ಟೈಪಕ್ಕನ ಹದಿನಾಲ್ಕನೇ ಷರತ್ತು

ನೋಂದಣಿ ಕಚೇರಿಯ ಹೊರಗೆ ತಗಡಿನ ಸೂರಿನಡಿ ಆರು ಟೈಪಿಂಗ್ ಮೇಜುಗಳಿವೆ. ಬಾಗಿಲಿಗೆ ಹತ್ತಿರದ್ದು ಟೈಪಕ್ಕನದು, ಅದರ ಮಗ್ಗುಲಿಗೆ ನನ್ನ ಜೆರಾಕ್ಸ್ ಮೆಷಿನ್. ಹದಿನೇಳು ವರ್ಷದಿಂದ ನಾವಿಬ್ಬರೂ ಒಂದೇ ಸ್ವಿಚ್ ಬೋರ್ಡಿನಿಂದ ಕರೆಂಟು ಎಳೆದುಕೊಂಡು ಬದುಕಿದ್ದೇವೆ, ದಿನಕ್ಕೊಮ್ಮೆಯಾದರೂ ಜಗಳವಾಡಿದ್ದೇವೆ. ಆದ್ದರಿಂದ ಅವಳ ಬಗ್ಗೆ ಹೇಳುವ ಹಕ್ಕು ಅವಳ ಒಡಹುಟ್ಟಿದ ತಮ್ಮನಿಗಿಂತ ನನಗೇ ಹೆಚ್ಚು ಎಂದು ನಾನು ತಿಳಿದಿದ್ದೇನೆ.

ಅವಳ ಹೆಸರು ಕರೆದವರನ್ನು ನಾನು ಕಂಡಿಲ್ಲ. ಗುಮಾಸ್ತರಿಂದ ಹಿಡಿದು ಕಸ ಗುಡಿಸುವವರ ತನಕ ಎಲ್ಲರಿಗೂ ಟೈಪಕ್ಕ. ಮೊದಲು ಕಬ್ಬಿಣದ ಟೈಪ್‌ರೈಟರ್ ಇತ್ತು, ಈಗ ಹಳೆಯ ಕಂಪ್ಯೂಟರ್ ಇದೆ. ಆದರೆ ಅವಳು ಕೀಲಿಗಳನ್ನು ಕುಟ್ಟುವ ಜೋರು ಮಾತ್ರ ಹಾಗೇ ಇದೆ. ಮನೆ ಬಾಡಿಗೆ ಕರಾರು ಅವಳ ಮುಖ್ಯ ಕಸುಬು. ಟೈಪು ಮಾಡಿದ್ದನ್ನು ಯಾರಾದರೂ ಓದದೆ ಸಹಿ ಹಾಕಲು ಹೊರಟರೆ ಕಾಗದದ ಮೇಲೆ ಅಂಗೈ ಊರಿಬಿಡುತ್ತಾಳೆ. "ಓದಿ. ನಾಳೆ ಬಂದು ನನ್ ಪ್ರಾಣ ತಿನ್ನಬೇಡಿ" ಎನ್ನುತ್ತಾಳೆ. ಜನ ಓದಿದಂತೆ ನಟಿಸಿ ಸಹಿ ಹಾಕುತ್ತಾರೆ. ನಟನೆಯೆಂದು ಅವಳಿಗೂ ಗೊತ್ತು, ಆದರೂ ಅಷ್ಟಾದ ಮೇಲೇ ಕೈ ತೆಗೆಯುವುದು.

ಅವಳ ಮೇಜಿನಡಿಯಲ್ಲಿ ಒಂದು ಕಂದು ಬಣ್ಣದ ಹೆಣ್ಣು ನಾಯಿ ಮಲಗಿರುತ್ತದೆ. ಹೆಸರು ಮ್ಯಾನೇಜರ್. ದಿನವಿಡೀ ಏನೂ ಮಾಡದೆ ಎಲ್ಲವನ್ನೂ ಗಮನಿಸುತ್ತದೆಂದು ನಾನೇ ಇಟ್ಟ ಹೆಸರು. ಹದಿನಾಲ್ಕು ವರ್ಷದ ಹಿಂದೆ ಕಚೇರಿಯ ಕಡತಗಳ ಕೋಣೆಯಲ್ಲಿ ಹುಟ್ಟಿದ ಮರಿಗಳಲ್ಲಿ ಉಳಿದದ್ದು ಇದೊಂದೇ. ಗಂಡ ತೀರಿಕೊಂಡ ಮೇಲೆ ಟೈಪಕ್ಕ ಮತ್ತೆ ಕೆಲಸಕ್ಕೆ ಬಂದ ಮೊದಲ ವಾರದಲ್ಲಿ ಅದು ತಾನಾಗಿ ಬಂದು ಅವಳ ಚಪ್ಪಲಿಯ ಮೇಲೆ ಮಲಗಿತ್ತು. ಅವತ್ತಿನಿಂದ ಬೆಳಿಗ್ಗೆ ಅವಳ ಜತೆ ಬರುತ್ತದೆ, ಸಂಜೆ ಅವಳ ಜತೆ ಹೋಗುತ್ತದೆ. ಆ ಮನೆಯಲ್ಲಿ ಅವಳಿಗೆ ಬೇರೆ ಯಾರೂ ಇಲ್ಲ.

ಆ ಬಾಡಿಗೆ ಮನೆಯನ್ನು ಕಳೆದ ವರ್ಷ ಮಾರಿಬಿಟ್ಟರು. ಕೊಂಡವರು ತಾವೇ ಬಂದು ಇರುವವರು. ಎರಡು ತಿಂಗಳ ನೋಟೀಸು ಬಂತು. ಟೈಪಕ್ಕ ಅದನ್ನು ಓದಿ, "ಭಾಷೆ ಸರಿಯಾಗಿದೆ" ಎಂದಳು. ಬರೆದದ್ದು ಎದುರು ಸಾಲಿನ ಟೈಪಿಸ್ಟು. ನನಗೆ ನಗು ಬಂತು, ಅವಳಿಗೆ ಬರಲಿಲ್ಲ.

ಮನೆ ಹುಡುಕುವುದು ನಮಗೇನು ಕಷ್ಟ ಎಂದುಕೊಂಡಿದ್ದೆ. ಊರಿನ ಮನೆ ಯಜಮಾನರೆಲ್ಲ ನಮ್ಮ ಸೂರಿನಡಿಗೆ ಬರುವವರು. ಆದರೆ ಟೈಪಕ್ಕನ ಬಾಯಿಂದ ಬರುವ ಮೊದಲ ಮಾತೇ ಎಲ್ಲವನ್ನೂ ಕೆಡಿಸುತ್ತಿತ್ತು. ಬಾಡಿಗೆ ಎಷ್ಟು, ನೀರು ಹೇಗೆ ಎಂದು ಕೇಳುವ ಮೊದಲೇ, "ನನ್ ಹತ್ರ ಒಂದು ನಾಯಿ ಇದೆ. ಸಾಕುಪ್ರಾಣಿಗೆ ಒಪ್ಪಿಗೆ ಇದ್ಯಾ?" ಎನ್ನುವುದು. ಒಬ್ಬರು ಫೋನಿಟ್ಟರು. ಒಬ್ಬರು ಮನೆ ಈಗಷ್ಟೇ ಹೋಯಿತು ಎಂದರು, ಅದೇ ಮನೆಯ ಬೋರ್ಡು ಮುಂದಿನ ವಾರವೂ ನೇತಾಡುತ್ತಿತ್ತು. ಇನ್ನೊಬ್ಬರು ಮೀನಿನ ತೊಟ್ಟಿಯಾದರೆ ಪರವಾಗಿಲ್ಲ ಎಂದು ದೊಡ್ಡ ಮನಸ್ಸು ಮಾಡಿದರು.

"ಅಕ್ಕಾ, ಮೊದಲು ಮನೆ ಹಿಡಿ. ನಾಯಿ ವಿಷಯ ಆಮೇಲೆ ನೋಡ್ಕೊಳ್ಳೋಣ" ಎಂದೆ ನಾನು. "ಎಷ್ಟೋ ಜನ ಹಾಗೇ ಮಾಡಲ್ವಾ? ಒಂದ್ಸಲ ಒಳಗೆ ಹೋದ್ಮೇಲೆ ಯಾರು ಹೊರಗೆ ಹಾಕ್ತಾರೆ?"

"ಹೊರಗೆ ಹಾಕೋ ಕಾಗದ ಟೈಪ್ ಮಾಡೋಳು ನಾನೇ ಅಲ್ವೇನೇ" ಎಂದಳು. "ಹೋದ ವರ್ಷ ಅಂಥವು ಆರು ಮಾಡಿದೀನಿ. ಆರರಲ್ಲೂ ಅದೇ ವಾಕ್ಯ, ಮಾಲೀಕರಿಗೆ ತಿಳಿಸದೆ ಪ್ರಾಣಿಯನ್ನು ತಂದಿದ್ದು. ನನ್ ಹೆಸರು ಹಾಕಿ ಏಳನೇದು ಟೈಪ್ ಮಾಡ್ಲಾ?"

ಅವಳ ತಮ್ಮ ಬೇರೆ ದಾರಿ ಹಿಡಿದಿದ್ದ. ಅವನು ಸೋಫಾ ಮಾರುವ ಅಂಗಡಿಯಲ್ಲಿ ಲೆಕ್ಕ ಬರೆಯುವವನು, ಲೆಕ್ಕಕ್ಕಿಂತ ಹೆಚ್ಚು ಸಲಹೆ ಕೊಡುವ ಮನುಷ್ಯ. ಅಕ್ಕನಿಗೊಂದು ಚೊಕ್ಕ ಮನೆ ಗೊತ್ತುಮಾಡಿ, ನಾಯಿಯನ್ನು ತನ್ನ ಅಂಗಡಿಯ ಗೋದಾಮಿಗೆ ಕಾವಲಿಗೆ ಬಿಡುವುದೆಂದು ತಾನೇ ತೀರ್ಮಾನಿಸಿಯೂ ಬಿಟ್ಟಿದ್ದ. "ಅಲ್ಲಿ ಶೀಟಿನ ಕೆಳಗೆ ಆರಾಮಾಗಿರತ್ತೆ ಅಕ್ಕಾ. ವಾರಕ್ಕೊಂದ್ಸಲ ಹೋಗಿ ನೋಡ್ಕೊಂಡ್ ಬಾ" ಎಂದ.

"ಒಂದು ಕಣ್ಣು ಕಾಣದ ನಾಯಿ ಏನನ್ನ ಕಾಯುತ್ತೋ? ನಿನ್ ಸೋಫಾನಾ?" ಎಂದು ಅವಳು ಸ್ಕ್ರೀನಿನಿಂದ ಕಣ್ಣೆತ್ತದೆ ಕೇಳಿದಳು. ತಮ್ಮ ನನ್ನ ಮುಖ ನೋಡಿದ. ನಾನು ಮೆಷಿನ್ನಿಗೆ ಕಾಗದ ತುಂಬಿಸುವಂತೆ ಬಗ್ಗಿದೆ.

ಒಂದು ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಅವಳು ತನಗಾಗಿ ಒಂದು ಪುಟ ಟೈಪು ಮಾಡಿದಳು. 'ಸಾಕುಪ್ರಾಣಿ ಕುರಿತ ಮನೆಯ ನಿಯಮಗಳು' ಎಂದು ಶೀರ್ಷಿಕೆ. ಒಪ್ಪಿಗೆ ಈ ಒಂದು ನಾಯಿಗೆ ಮಾತ್ರ, ಇದರ ನಂತರ ಬೇರೆ ನಾಯಿ ತರಬೇಕಾದರೆ ಮತ್ತೆ ಕೇಳಬೇಕು. ಮೆಟ್ಟಿಲು ಮತ್ತು ಅಂಗಳದಲ್ಲಿ ಹಗ್ಗ ಬಿಡುವಂತಿಲ್ಲ. ಹೇಸಿಗೆ ಮಾಡಿದರೆ ಆ ಕ್ಷಣವೇ ಬಾಡಿಗೆದಾರಳು ತೆಗೆಯಬೇಕು. ಚುಚ್ಚುಮದ್ದಿನ ಚೀಟಿ ವರ್ಷಕ್ಕೊಮ್ಮೆ ಮಾಲೀಕರಿಗೆ ತೋರಿಸಬೇಕು. ನಾಯಿಯನ್ನು ಮನೆಯಲ್ಲಿ ಒಂಟಿಯಾಗಿ ನಾಲ್ಕು ಗಂಟೆಗಿಂತ ಹೆಚ್ಚು ಬಿಡುವಂತಿಲ್ಲ. ಸದ್ದಿನ ಬಗ್ಗೆ ದೂರಿದ್ದರೆ ದೂರುವವರು ದಿನ, ಹೊತ್ತು ಸಮೇತ ಬರೆದು ಕೊಡಬೇಕು, ಸರಿಪಡಿಸಲು ಹದಿನೈದು ದಿನದ ಅವಕಾಶವಿರಬೇಕು. ಕೊನೆಗೆ ಹಣದ ಮಾತು. ಮಾಮೂಲಿ ಅಡ್ವಾನ್ಸಿನ ಮೇಲೆ ಒಂದು ತಿಂಗಳ ಬಾಡಿಗೆಯಷ್ಟು ಹೆಚ್ಚುವರಿ ಠೇವಣಿ. ನಾಯಿಯಿಂದಾದ ಹಾನಿಯ ದುರಸ್ತಿಗೆ ಮಾತ್ರ ಅದರಿಂದ ಮುರಿದುಕೊಳ್ಳಬಹುದು, ಅದೂ ಬಿಲ್ಲು ತೋರಿಸಿ. ಉಳಿದದ್ದನ್ನು ಮನೆ ಬಿಟ್ಟ ತಿಂಗಳೊಳಗೆ ಹಿಂತಿರುಗಿಸಬೇಕು.

ಜತೆಗೆ ಹಳೆಯ ಮನೆಯ ಯಜಮಾನರಿಂದ ಪತ್ರ ಬರೆಸಿಕೊಂಡಳು. ಹನ್ನೆರಡು ವರ್ಷದಲ್ಲಿ ಒಂದೂ ದೂರಿಲ್ಲ, ಒಂದು ಬಾಗಿಲೂ ಕೆಟ್ಟಿಲ್ಲ ಎಂದು. ಎಲ್ಲವನ್ನೂ ಪ್ಲಾಸ್ಟಿಕ್ ಕವರಿಗೆ ಹಾಕಿ ಕೈಚೀಲದಲ್ಲಿಟ್ಟುಕೊಂಡಳು. ಹೀಗೆ ತಯಾರಾಗಿ ಹೋದರೂ ಇನ್ನೂ ಐದು ಮನೆಯವರು ಕವರನ್ನು ಬಿಚ್ಚಿಯೂ ನೋಡಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಕುಡಿದು ಬಂದು ಗೋಡೆಗೆ ಒದೆಯುವವರಿಗೆ ಮನೆ ಕೊಡುತ್ತಾರೆ, ಇವಳಿಗಿಲ್ಲ.

ನೋಟೀಸು ಮುಗಿಯಲು ಎಂಟು ದಿನವಿದ್ದಾಗ ಉಗ್ರಾಣದ ಯಜಮಾನರ ಮನೆ ಸಿಕ್ಕಿತು. ಅವರು ಬಸ್ ಡಿಪೋದ ಉಗ್ರಾಣ ನೋಡಿಕೊಂಡು ನಿವೃತ್ತರಾದವರು. ಕೆಳಗೆ ಗಂಡಹೆಂಡತಿ, ಮೇಲೆ ಖಾಲಿ ಮನೆ. ಎರಡು ಕೋಣೆ, ಅಡುಗೆಮನೆಗೆ ಬೆಳಕು, ಹದಿನಾರು ಮೆಟ್ಟಿಲು. ಒಂದೊಂದು ಮೆಟ್ಟಿಲೂ ಗಿಡ್ಡ, ಮುದಿ ನಾಯಿಯ ಕಾಲಿಗೆ ಅಳತೆ ಕೊಟ್ಟು ಮಾಡಿಸಿದ ಹಾಗೆ. ಕಚೇರಿಗೆ ನಡೆದರೆ ಹತ್ತು ನಿಮಿಷ. ಟೈಪಕ್ಕ ಅಡುಗೆಮನೆಯ ಕಿಟಕಿಯ ಬಳಿ ನಿಂತು ಅದರ ಚಿಲಕ ಹಾಕಿ ತೆಗೆದು ನೋಡಿದಳು. ಆ ಮನೆ ಅವಳಿಗೆ ಬೇಕೇ ಬೇಕು ಎಂದು ನನಗೆ ಆಗಲೇ ಗೊತ್ತಾಯಿತು.

ಕೆಳಗೆ ಬಂದು ಕುಳಿತು ಅವಳು ಎಂದಿನ ಪ್ರಶ್ನೆ ಕೇಳಿದಳು. ಯಜಮಾನರು ಸಿಟ್ಟಾಗಲಿಲ್ಲ. ಕನ್ನಡಕ ಹಾಕಿಕೊಂಡು ಬೀರುವಿನಿಂದ ಹಿಂದಿನ ಬಾಡಿಗೆದಾರನ ಕರಾರು ತೆಗೆದರು. ಉಗ್ರಾಣದಲ್ಲಿ ಬದುಕು ಕಳೆದವರು, ಪ್ರತಿಯೊಂದಕ್ಕೂ ಕಾಗದ ನೋಡಿಯೇ ಉತ್ತರ ಕೊಡುವುದು. "ನಾನಾಗಿ ಬೇಡ ಅಂತಿಲ್ಲಮ್ಮ. ಕರಾರಿನಲ್ಲೇ ಇದೆ, ನೋಡಿ. ಹದಿನಾಲ್ಕನೇ ಷರತ್ತು" ಎಂದು ಓದಿದರು. "ಬಾಡಿಗೆದಾರರು ನಾಯಿ, ಬೆಕ್ಕು, ಬಾತುಕೋಳಿ ಮುಂತಾದ ಯಾವುದೇ ಪ್ರಾಣಿಯನ್ನು ಸದರಿ ಮನೆಯಲ್ಲಿ ಸಾಕತಕ್ಕದ್ದಲ್ಲ."

ಟೈಪಕ್ಕನ ಮುಖ ಕೆಂಪಾಯಿತು. ಆಮೇಲೆ ಅವಳು ನಕ್ಕಳು. ಒಂದು ತಿಂಗಳಿಂದ ನಗದವಳು ಸೆರಗು ಬಾಯಿಗಿಟ್ಟುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಯಜಮಾನರ ಹೆಂಡತಿ ಗಾಬರಿಯಾಗಿ ನೀರು ತಂದುಕೊಟ್ಟರು.

"ಯಜಮಾನ್ರೇ, ಬಾತುಕೋಳಿ ಸಾಕೋ ಬಾಡಿಗೆದಾರನ್ನ ನೀವು ಯಾವತ್ತಾದ್ರೂ ನೋಡಿದೀರಾ?"

"ಇಲ್ಲ."

"ಊರಲ್ಲಿ ಯಾರಾದ್ರೂ ನೋಡಿದಾರಾ?"

"ಇಲ್ಲಪ್ಪ. ನಾನೂ ಯೋಚನೆ ಮಾಡಿದ್ದೆ. ಏನೋ ಕಾನೂನಿರಬೇಕು ಅಂದ್ಕೊಂಡೆ."

"ಕಾನೂನಲ್ಲ. ನಾನು" ಎಂದಳು ಟೈಪಕ್ಕ.

ಇಪ್ಪತ್ತೆರಡು ವರ್ಷದ ಹಿಂದಿನ ಕತೆ ಅದು. ಒಬ್ಬ ಮನೆ ಯಜಮಾನನ ಬಾಡಿಗೆದಾರ ತಾರಸಿಯ ನೀರಿನ ತೊಟ್ಟಿಯಲ್ಲಿ ಬಾತುಕೋಳಿ ಬಿಟ್ಟಿದ್ದನಂತೆ. ಅವನನ್ನು ಓಡಿಸಿ, ಮುಂದಿನವನಿಗೆ ಇಂಥದ್ದು ನಡೆಯಬಾರದೆಂದು ಆತ ಕುದಿಯುತ್ತ ಬಂದು ಈ ವಾಕ್ಯ ಬರೆಸಿದ್ದ. ಮಾರನೆಯ ದಿನ ಬಂದ ಗಿರಾಕಿಗೆ ಬಸ್ಸಿಗೆ ಅವಸರ. ಟೈಪಕ್ಕ ಹಿಂದಿನ ದಿನದ ಪ್ರತಿಯನ್ನೇ ನಮೂನೆಯಾಗಿ ಮುಂದಿಟ್ಟುಕೊಂಡು ಹೆಸರು, ವಿಳಾಸ ಬದಲಿಸಿದಳು. ಹದಿನಾಲ್ಕನೆಯದು ಉಳಿದುಹೋಯಿತು. ಆಮೇಲೆ ಅದೇ ನಮೂನೆ ಖಾಯಂ ಆಯಿತು. ನಾನು ಮೆಷಿನ್ ಇಟ್ಟ ಮೇಲೆ ಉಳಿದ ಐದು ಮೇಜಿನವರೂ ಅವಳ ನಮೂನೆಯನ್ನೇ ನಕಲು ಮಾಡಿಕೊಂಡರು. ಆ ನಕಲುಗಳನ್ನು ತೆಗೆದುಕೊಟ್ಟವಳು ಬೇರೆ ಯಾರೂ ಅಲ್ಲ, ನಾನು. ಎಲ್ಲರಿಗೂ ಓದಿ ಓದಿ ಎಂದು ಗಂಟಲು ಹರಿದುಕೊಳ್ಳುವವಳು ತನ್ನ ನಮೂನೆಯನ್ನು ಇಪ್ಪತ್ತೆರಡು ವರ್ಷ ಓದಿರಲಿಲ್ಲ. ಮ್ಯಾನೇಜರ್ ಅವಳ ಕಾಲಬುಡದಲ್ಲೇ ಮಲಗಿರುವಾಗ, ಅವಳ ಬೆರಳು ಸಾವಿರಾರು ಸಲ ಅದನ್ನು ಊರಿನ ಮನೆಗಳಿಂದ ಹೊರಗೆ ಹಾಕಿತ್ತು.

"ತಪ್ಪು ನನ್ನದೇ. ಬರೆದವಳೇ ಹೇಳ್ತಿದೀನಿ, ಹೊಡೆದು ಹಾಕೋಣ" ಎಂದು ಕವರ್ ಬಿಚ್ಚಿ ನಿಯಮಗಳ ಪುಟವನ್ನು ಮುಂದಿಟ್ಟಳು.

ಯಜಮಾನರು ಅದನ್ನು ಪೂರ್ತಿ ಓದಿದರು. ಓದಿದ ಮೊದಲ ಮನುಷ್ಯ ಅವರೇ. ಆಮೇಲೆ ನಮ್ಮನ್ನು ಮತ್ತೆ ಮೇಲೆ ಕರೆದುಕೊಂಡು ಹೋಗಿ ಮಲಗುವ ಕೋಣೆಯ ಬಾಗಿಲು ತೋರಿಸಿದರು. ಕೆಳಭಾಗದಲ್ಲಿ ಉಗುರಿನ ಗೀರುಗಳು, ಬಣ್ಣ ಹೋಗಿ ಮರ ಕಾಣುತ್ತಿತ್ತು. "ಹಿಂದಿನವನು ನಾಯಿ ಇಲ್ಲ ಅಂತ ಸಹಿ ಹಾಕಿ ಕದ್ದು ಸಾಕಿದ್ದ. ದಿನವಿಡೀ ಕೂಡಿ ಹಾಕಿ ಹೋಗ್ತಿದ್ದ. ನಾನು ಮೇಲೆ ಬಂದಾಗ್ಲೆಲ್ಲ ಟೀವಿ ಜೋರು ಮಾಡ್ತಿದ್ದ. ನಾಯಿ ಮೇಲೆ ನನಗೆ ಕೋಪ ಇಲ್ಲ. ನನ್ನ ಪೆದ್ದ ಮಾಡಿದ್ನಲ್ಲ, ಅದು."

"ನಾನು ಮೊದಲ ಮಾತಿನಲ್ಲೇ ಹೇಳಿದೀನಿ" ಎಂದಳು ಟೈಪಕ್ಕ.

"ಹೌದು. ಅದಕ್ಕೇ ಒಂದು ಮಾತು ಹೇಳ್ತೀನಿ." ಅವರು ದನಿ ತಗ್ಗಿಸಿದರು. "ಠೇವಣಿ ಹೆಚ್ಚು ಕೊಡಿ, ತಗೋತೀನಿ. ನಾಯೀನೂ ಇರ್ಲಿ. ಆದ್ರೆ ಕಾಗದದಲ್ಲಿ ಏನೂ ಬೇಡ. ಹದಿನಾಲ್ಕನೇದು ಹಾಗೇ ಇರ್ಲಿ. ನೀವು ಸಹಿ ಹಾಕಿ, ನಾನು ನೋಡಿಯೂ ನೋಡದ ಹಾಗೆ ಇರ್ತೀನಿ. ನಾಳೆ ಇನ್ನೊಬ್ಬರು ಬಂದು ಅವರಿಗೆ ಮಾತ್ರ ಯಾಕೆ ಅಂತ ಕೇಳಬಾರದು ನೋಡಿ."

ನನಗೆ ಹೋದ ಜೀವ ಬಂದ ಹಾಗಾಯಿತು. ಟೈಪಕ್ಕನ ಸೊಂಟ ಚಿವುಟಿದೆ, ಒಪ್ಪಿಕೋ ಎಂದು. ಅವಳು ನನ್ನ ಕೈ ತಳ್ಳಿದಳು.

"ಕಾಗದದಲ್ಲಿ ನಾಯಿ ಇಲ್ಲ, ಮನೇಲಿ ಇದೆ. ಹಾಗಾದ್ರೆ ನನಗೂ ಹಿಂದಿನವನಿಗೂ ಏನು ವ್ಯತ್ಯಾಸ ಯಜಮಾನ್ರೇ?"

"ನನಗೆ ಗೊತ್ತಿರತ್ತಲ್ಲ."

"ನಿಮಗೆ ಗೊತ್ತಿರತ್ತೆ. ನಾಳೆ ನಿಮಗೆ ನನ್ ಮೇಲೆ ಬೇರೇನೋ ಬೇಜಾರಾಯ್ತು ಅಂದ್ಕೊಳ್ಳಿ. ನಲ್ಲಿ ರಿಪೇರಿ ಕೇಳ್ದೆ ಅಂತಾನೋ, ಬಾಡಿಗೆ ಹೆಚ್ಚಿಗೆ ಒಪ್ಪಲಿಲ್ಲ ಅಂತಾನೋ. ಆಗ ಹದಿನಾಲ್ಕನೇದು ತೆಗೆದು ತೋರಿಸ್ತೀರಿ. ನಾನು ತಪ್ಪಿತಸ್ಥೆ. ಹೆಚ್ಚಿಗೆ ಕೊಟ್ಟ ಠೇವಣಿ ಯಾತಕ್ಕೆ ಕೊಟ್ಟೆ ಅಂತ ಹೇಳೋಕೂ ಕಾಗದ ಇರಲ್ಲ."

"ನನ್ ಮಾತಿನ ಮೇಲೆ ನಂಬಿಕೆ ಇಲ್ವಾ?" ಯಜಮಾನರ ಮುಖ ಗಂಟಾಯಿತು.

"ಇದೆ. ಅದನ್ನೇ ಬರೆದುಕೊಡಿ ಅಂತಿರೋದು."

"ನನ್ನ ಮನೆಗೆ ನೀವು ಷರತ್ತು ಹಾಕೋ ಹಾಗಾಯ್ತಲ್ಲ!"

"ಅರ್ಧ ಷರತ್ತು ನನಗೇ ಹಾಕ್ಕೊಂಡಿದೀನಿ, ಓದಿದ್ರಲ್ಲ" ಎಂದು ಅವಳು ಪುಟವನ್ನು ಮಡಿಸಿ ಕವರಿಗೆ ಹಾಕಿದಳು. ಗೇಟಿನ ಬಳಿ ಕಟ್ಟಿದ್ದ ಮ್ಯಾನೇಜರನ್ನು ಬಿಚ್ಚಿಕೊಂಡು ರಸ್ತೆಗೆ ಬಂದಳು. ಆ ಕಿಟಕಿಯ ಕಡೆ ಒಮ್ಮೆಯೂ ತಿರುಗಿ ನೋಡಲಿಲ್ಲ.

ದಾರಿಯುದ್ದಕ್ಕೂ ನಾನು ಅವಳಿಗೆ ಬೈದೆ. ಸುಳ್ಳು ಹೇಳುವುದಿಲ್ಲ, ಬಾಯಿಗೆ ಬಂದದ್ದೆಲ್ಲ ಅಂದೆ. ನಿನಗೆ ಮನೆ ಬೇಕಾ ವಾಕ್ಯ ಬೇಕಾ ಎಂದೆ. ಜಂಭ ಎಂದೆ. ನಿನ್ನ ಜಂಭಕ್ಕೆ ಆ ಮೂಕ ಪ್ರಾಣಿ ಗೋದಾಮಿನ ಶೀಟಿನಡಿ ಬೇಯಬೇಕು ಎಂದೆ. ಆ ಕೊನೆಯ ಮಾತಿಗೆ ಅವಳು ನಡುರಸ್ತೆಯಲ್ಲಿ ನಿಂತುಬಿಟ್ಟಳು. "ಇದನ್ನ ನನ್ ಜೊತೆ ಕಳಿಸ್ದೆ ಗೋದಾಮಿಗೆ ಕಳಿಸೋರು ಯಾರು ಅಂತ ನೋಡ್ತೀನಿ. ನಾನೂ ಅಲ್ಲೇ ಶೀಟಿನ ಕೆಳಗೆ ಹಾಸಿಗೆ ಹಾಕ್ತೀನಿ" ಎಂದಳು. ಹಾಕುವವಳೇ. ನಾನು ಬಾಯಿ ಮುಚ್ಚಿದೆ. ಮೂರು ದಿನ ನಾವಿಬ್ಬರೂ ಮಾತಾಡಲಿಲ್ಲ. ಅವಳ ಗಿರಾಕಿಗಳ ಕಾಗದಗಳನ್ನು ಮಾತಿಲ್ಲದೆ ಜೆರಾಕ್ಸ್ ಮಾಡಿ ಮಾತಿಲ್ಲದೆ ಅವಳ ಮೇಜಿನ ಮೇಲೆ ಎಸೆದೆ.

ತಮ್ಮ ಬಂದು ಹೇಳುವುದನ್ನೆಲ್ಲ ಹೇಳಿ ಹೋದ. ಸಾಮಾನು ಕಟ್ಟಲು ಖಾಲಿ ರಟ್ಟಿನ ಡಬ್ಬಗಳನ್ನೂ ಇಳಿಸಿ ಹೋದ, ಪಾಪ. ಟೈಪಕ್ಕ ಕೆಲಸದ ನಡುನಡುವೆ ಇನ್ನಷ್ಟು ಮನೆಗಳಿಗೆ ಫೋನು ಮಾಡಿದಳು. ಅದೇ ಮೊದಲ ಮಾತು, ಅದೇ ಉತ್ತರ. ಆದರೆ ಒಂದು ಬದಲಾವಣೆ ನನ್ನ ಕಣ್ಣಿಗೆ ಬಿತ್ತು. ಕರಾರು ಮಾಡಿಸಲು ಬಂದ ಪ್ರತಿ ಮನೆ ಯಜಮಾನನನ್ನೂ ಅವಳು ಕೇಳತೊಡಗಿದ್ದಳು. "ಸಾಕುಪ್ರಾಣಿ ಬೇಡ ಅಂತ ಹಾಕ್ಲಾ, ಬೇಡ್ವಾ? ಬಾಯಿಬಿಟ್ಟು ಹೇಳಿ." ಕೆಲವರು ಹಾಕಿ ಎಂದರು, ಅವರಿಗೆ ಹಾಕಿದಳು. ಹೆಚ್ಚಿನವರು ತಲೆ ಕೆರೆದುಕೊಂಡು ಅಂಥದ್ದೇನಿಲ್ಲ ಎಂದರು. ಅವರ ಕಾಗದದಲ್ಲಿ ಹದಿಮೂರಾದ ಮೇಲೆ ಬೇರೆ ವಿಷಯ ಬಂತು. ತನ್ನ ಕೆಲಸ ಅವಳು ತಿದ್ದಿಕೊಂಡಿದ್ದಳು, ಅವಳಿಗೆ ಮಾತ್ರ ಮನೆ ಸಿಕ್ಕಿರಲಿಲ್ಲ.

ನೋಟೀಸು ಮುಗಿಯಲು ನಾಲ್ಕು ದಿನವಿತ್ತು. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಉಗ್ರಾಣದ ಯಜಮಾನರು ನಮ್ಮ ಸೂರಿನಡಿಗೆ ಬಂದರು. ಕೈಯಲ್ಲಿ ಫೈಲು. ಗಿರಾಕಿಗಳ ಸ್ಟೂಲಿನ ಮೇಲೆ ಕುಳಿತು ಸೂಚನೆ ಕೊಡುವಂತೆ ಹೇಳಿದರು.

"ಇನ್ನೊಬ್ಬರು ಮನೆ ಕೇಳಿದಾರೆ. ಸಂಜೆ ಐದಕ್ಕೆ ಬರ್ತಾರೆ. ಆದ್ರೆ ನಮ್ಮ ಮನೆಯವಳಿಗೆ ನೀವೇ ಬರಬೇಕು ಅಂತ. ಕೊನೇ ಸಲ ಕೇಳೋಣ ಅಂತ ಬಂದೆ. ಹದಿನಾಲ್ಕನೇದಿಟ್ಟು ಸಹಿ ಹಾಕ್ತೀರಾ?"

"ಇಲ್ಲ" ಎಂದಳು.

"ಅಮ್ಮಾ, ಸ್ವಲ್ಪ ಯೋಚನೆ ಮಾಡಿ." ಅವರು ಬಗ್ಗಿ ಮೇಜಿನಡಿ ನೋಡಿದರು. ಮ್ಯಾನೇಜರ್ ಮೂಗು ಎತ್ತಿ ಅವರ ಮೊಣಕಾಲನ್ನು ಮೂಸಿ ಮತ್ತೆ ಮಲಗಿತು. "ಎಷ್ಟು ವರ್ಷ ಇದಕ್ಕೆ?"

"ಹದಿಮೂರು."

"ಕರಾರು ಒಂದು ವರ್ಷದ್ದು. ನಾಯಿ ಇನ್ನೊಂದು ವರ್ಷ ಇರತ್ತೋ ಇಲ್ವೋ. ಕೋಪ ಮಾಡ್ಕೋಬೇಡಿ, ಇದ್ದದ್ದು ಹೇಳ್ದೆ. ಇವತ್ತೋ ನಾಳೆಯೋ ಹೋಗೋ ನಾಯಿಗೆ ಠೇವಣಿ, ನಿಯಮ, ಅನುಬಂಧ... ಇಷ್ಟೆಲ್ಲ ಯಾಕಮ್ಮ? ಸುಮ್ನೆ ಇಟ್ಕೊಳ್ಳಿ, ಇದ್ದಷ್ಟು ದಿನ ಇರತ್ತೆ. ಯಾರಿಗೂ ಗೊತ್ತಾಗಲ್ಲ."

ಟೈಪಕ್ಕ ಟೈಪು ಮಾಡುವುದನ್ನು ನಿಲ್ಲಿಸಿದಳು. ಅವಳ ಬೆರಳು ನಿಂತದ್ದಕ್ಕೇ ಉಳಿದ ಮೇಜಿನವರು ತಿರುಗಿ ನೋಡಿದರು.

"ಅದು ಸಾಯತ್ತೆ ಅಂತ ನನಗೆ ಗೊತ್ತು ಯಜಮಾನ್ರೇ. ದಿನಾ ಬೆಳಿಗ್ಗೆ ಎದ್ದ ತಕ್ಷಣ ಹೊಟ್ಟೆ ಮೇಲೆ ಕೈಯಿಟ್ಟು ಉಸಿರಾಡ್ತಿದ್ಯಾ ಅಂತ ನೋಡ್ತೀನಿ. ಅದು ಸಾಯೋ ದಿನ ನಾನು ಅಳಬೇಕು. ಜೋರಾಗಿ ಅಳಬೇಕು. ಹದಿಮೂರು ವರ್ಷ ಜತೇಲಿ ಬದುಕಿದ ಜೀವ ಅದು. ನೀವು ಹೇಳೋ ಹಾಗೆ ಇಟ್ಕೊಂಡ್ರೆ ಅವತ್ತು ಬಾಯಿಗೆ ಬಟ್ಟೆ ತುರುಕ್ಕೊಂಡು ಅಳಬೇಕು. ಇಲ್ಲದ ನಾಯಿ ಸತ್ತಿದ್ದಕ್ಕೆ ಯಾರಾದ್ರೂ ಅಳ್ತಾರಾ? ಹೆಣಾನ ಚೀಲಕ್ಕೆ ಹಾಕಿ, ಮೆಟ್ಟಿಲಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಹೊರಗೆ ಸಾಗಿಸಬೇಕು. ಅದಕ್ಕೆ ನಾನು ಸಹಿ ಹಾಕಲ್ಲ. ಬೀದಿಗೆ ಬಿದ್ರೂ ಹಾಕಲ್ಲ. ಐದಕ್ಕೆ ಬರೋರಿಗೇ ಕೊಡಿ ಮನೆ."

ಮೂರು ದಿನದಿಂದ ಅವಳನ್ನು ಮಾತಾಡಿಸದ ನನಗೆ ಕಣ್ಣು ತುಂಬಿ ಬಂತು. ಜಂಭ ಎಂದಿದ್ದೆನಲ್ಲ, ನನ್ನ ನಾಲಗೆಗೆ ಏನಾಗಿತ್ತೋ ಎನಿಸಿತು. ಅವಳು ಮತ್ತೆ ಸ್ಕ್ರೀನಿಗೆ ತಿರುಗಿ ಯಾರದೋ ಕರಾರಿನ ಬಾಕಿ ಸಾಲುಗಳನ್ನು ಕುಟ್ಟತೊಡಗಿದಳು. ಮೂಗು ಮಾತ್ರ ಕೆಂಪಗಿತ್ತು.

ಯಜಮಾನರು ಎದ್ದುಹೋಗುತ್ತಾರೆಂದುಕೊಂಡೆ. ಅವರು ಸ್ಟೂಲಿನ ಮೇಲೇ ಫೈಲನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಒಬ್ಬ ಗಿರಾಕಿ ಬಂದು ಹೋದ, ಇನ್ನೊಬ್ಬ ಬಂದು ಹೋದ. ಆಮೇಲೆ ಗಂಟಲು ಸರಿಮಾಡಿಕೊಂಡು, "ಆ ಪುಟ ಕೊಡಿ" ಎಂದರು.

"ಯಾವ ಪುಟ?"

"ನಿಯಮದ್ದು. ಇನ್ಯಾವ್ದು?"

ಅವಳು ಕೊಟ್ಟಳು. ಅವರು ಜೇಬಿನಿಂದ ಪೆನ್ನು ತೆಗೆದರು. ಬಸ್ಸಿನ ಬಿಡಿಭಾಗಗಳ ಪಟ್ಟಿ ಪರೀಕ್ಷಿಸಿದ ಕೈ, ಒಂದೊಂದು ಸಾಲಿನ ಕೆಳಗೂ ಗುರುತು ಹಾಕುತ್ತ ಹೋಯಿತು. "ಮೆಟ್ಟಿಲು ಒರೆಸೋದು ವಾರಕ್ಕೆರಡು ಸಲ ನಿಮ್ಮ ಪಾಲಿಗೆ. ಕೂದಲು ಉದುರತ್ತೆ."

"ಒಪ್ಪಿದೆ."

"ಹೆಚ್ಚುವರಿ ಠೇವಣಿ ಹಿಂತಿರುಗಿಸಲ್ಲ ಅಂತ ಮಾಡೋಣ. ಮನೆ ಶುದ್ಧ ಮಾಡಿಸೋ ಖರ್ಚಿಗೆ."

"ಹಿಂತಿರುಗಿಸದೇ ಇದ್ರೆ ಅದು ಠೇವಣಿ ಅಲ್ಲ, ದಂಡ. ತಪ್ಪು ಮಾಡೋಕೆ ಮೊದಲೇ ದಂಡ ಕಟ್ಟಲ್ಲ. ಬಿಡೋವಾಗ ಮನೆ ಪೂರ್ತಿ ತೊಳೆಸಿ ಕೊಡ್ತೀನಿ, ಅದನ್ನ ಬೇಕಾದ್ರೆ ಬರೀರಿ."

"ಸರಿ, ತೊಳೆಸೋದು. ದೂರು ಬಂದ್ರೆ ಹದಿನೈದು ದಿನ ಜಾಸ್ತಿ. ಹತ್ತು."

"ಹತ್ತು ಇರ್ಲಿ. ಆದ್ರೆ ದೂರು ಬರವಣಿಗೇಲೇ ಇರಬೇಕು."

"ಬರವಣಿಗೇಲೇ" ಎಂದು ಅವರು ಬರೆದುಕೊಂಡರು. ಈಗ ಅವರ ಮುಖದಲ್ಲಿ ಒಂದು ಬಗೆಯ ಖುಷಿ ಕಾಣುತ್ತಿತ್ತು. ನಿವೃತ್ತಿಯಾದ ಮೇಲೆ ಇಷ್ಟು ಸರಿಸಮನಾಗಿ ಯಾರೂ ಅವರ ಜತೆ ಚೌಕಾಸಿ ಮಾಡಿರಲಿಕ್ಕಿಲ್ಲ. "ಮತ್ತೆ ಆ ಬಾಗಿಲಿನ ಗೀರು?"

"ಅದು ಹಿಂದಿನವನದು. ಇವತ್ತೇ ಇಬ್ಬರೂ ನಿಂತು ಫೋಟೋ ತೆಗೆದು, ದಿನಾಂಕ ಹಾಕಿ ಕರಾರಿಗೆ ಲಗತ್ತಿಸೋಣ. ಇಲ್ಲಾಂದ್ರೆ ಬಿಡೋ ದಿನ ಅದು ನಮ್ಮವಳ ತಲೆಗೆ ಬರತ್ತೆ."

ಅವರು ತಲೆಯೆತ್ತಿ ಅವಳನ್ನು ನೋಡಿ, "ನಿಮ್ಮಂಥೋರು ನನ್ನ ಉಗ್ರಾಣದಲ್ಲಿ ಇದ್ದಿದ್ರೆ ಒಂದು ಮೊಳೆನೂ ಕಾಣೆ ಆಗ್ತಿರಲಿಲ್ಲ" ಎಂದರು. ಟೈಪಕ್ಕ ಆಗಲೇ ಟೈಪು ಮಾಡುತ್ತಿದ್ದಳು.

ಹೊಸ ಕರಾರು ಎರಡು ಪ್ರತಿ ಬಂತು. ನಿಯಮಗಳ ಪುಟ ಅನುಬಂಧವಾಗಿ ಸೇರಿತು. ಪ್ರತಿ ಪುಟಕ್ಕೂ ಇಬ್ಬರ ಸಹಿ. ಹೆಚ್ಚುವರಿ ಠೇವಣಿಗೆ ಬೇರೆ ರಸೀದಿ. ಯಜಮಾನರು ಸಹಿ ಹಾಕಲು ಹೊರಟಾಗ ಅವಳು ಎಂದಿನಂತೆ ಕಾಗದದ ಮೇಲೆ ಅಂಗೈ ಊರಿದಳು. ಅವರು ಓದಿದರು, ನಟಿಸದೆ. ಒಂದು ಕಡೆ ನಿಂತು, "ಹೆಸರು ಬಿಟ್ಟಿದೀರಿ. ಒಂದು ಕಂದು ಬಣ್ಣದ ಹೆಣ್ಣು ನಾಯಿ ಅಂತಷ್ಟೇ ಇದೆ. ಊರಲ್ಲಿ ಅಂಥವು ನೂರಿವೆ. ಯಾವ್ದು ಅಂತ ಗೊತ್ತಾಗಬೇಕಲ್ಲ?" ಎಂದರು.

ಅವಳು ತನ್ನ ಪೆನ್ನಿನಿಂದಲೇ ಎರಡೂ ಪ್ರತಿಯಲ್ಲಿ 'ಮ್ಯಾನೇಜರ್ ಎಂಬ' ಎಂದು ಸೇರಿಸಿದಳು. ತಿದ್ದಿದ ಕಡೆ ಇಬ್ಬರೂ ಚಿಕ್ಕ ಸಹಿ ಹಾಕಿದರು. ನಾನು ಎರಡೂ ಪ್ರತಿಯನ್ನು ಜೆರಾಕ್ಸ್ ಮಾಡಿಕೊಟ್ಟೆ, ಕಾಸು ತೆಗೆದುಕೊಳ್ಳಲಿಲ್ಲ. ಅವಳು ಬಯ್ದಳು, ಹಾಗೆ ನಮ್ಮ ಮಾತು ಶುರುವಾಯಿತು.

ತಮ್ಮನ ರಟ್ಟಿನ ಡಬ್ಬಗಳು ಆ ಭಾನುವಾರ ಕೆಲಸಕ್ಕೆ ಬಂದವು. ಮ್ಯಾನೇಜರ್ ಹದಿನಾರು ಮೆಟ್ಟಿಲನ್ನು ತಾನೇ ಹತ್ತಿತು, ಎಂಟನೆಯದರಲ್ಲಿ ಒಂದು ಸಲ ಕುಳಿತು ದಣಿವಾರಿಸಿಕೊಂಡಿತು. ಕೆಳಗೆ ಯಜಮಾನರ ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಕದ್ದು ನೋಡುವುದೇನಿತ್ತು, ಎಲ್ಲ ಬರೆದಾಗಿತ್ತಲ್ಲ.

ಕರಾರಿನ ವರ್ಷ ಮೊನ್ನೆ ಮುಗಿಯಿತು. ಯಜಮಾನರು ನವೀಕರಣಕ್ಕೆ ಫೈಲು ಹಿಡಿದು ನಮ್ಮ ಸೂರಿನಡಿಗೆ ಬಂದರು. ಮ್ಯಾನೇಜರಿಗೆ ಈಗ ಎರಡನೆಯ ಕಣ್ಣೂ ಮಂಜು. ಹಿಂಗಾಲು ಎಳೆದುಕೊಂಡು ನಡೆಯುತ್ತದೆ. ಮೆಟ್ಟಿಲಿಳಿಸಲು ಟೈಪಕ್ಕ ಹೊಟ್ಟೆಯ ಕೆಳಗೆ ಟವಲು ಹಾಕಿ ಹಿಡಿಯುತ್ತಾಳೆ, ಒಂದೊಂದು ದಿನ ಮುಂದುಗಡೆ ಯಜಮಾನರೇ ಹಗ್ಗ ಹಿಡಿದಿರುತ್ತಾರೆ. ವರ್ಷದಲ್ಲಿ ಒಂದೂ ದೂರು ಬರಲಿಲ್ಲ. ಚುಚ್ಚುಮದ್ದಿನ ಚೀಟಿಯನ್ನು ಅವರು ಕೇಳುವ ಮೊದಲೇ ಅವಳು ತೋರಿಸಿದ್ದಳು.

"ಎಲ್ಲ ಹಳೇದೇ ಇರ್ಲಿ. ಬಾಡಿಗೆ ಮಾತ್ರ ನಾವು ಮಾತಾಡಿದ ಹಾಗೆ" ಎಂದರು ಯಜಮಾನರು.

ಟೈಪಕ್ಕ ಅನುಬಂಧದ ಪುಟ ತೆರೆದು ಸ್ವಲ್ಪ ಹೊತ್ತು ನೋಡಿದಳು. ನಾಯಿ ಡಾಕ್ಟರು ಹಿಂದಿನ ವಾರ ಏನು ಹೇಳಿದ್ದಾರೆಂದು ನನಗೆ ಗೊತ್ತಿತ್ತು, ಯಜಮಾನರಿಗೂ ಗೊತ್ತಿತ್ತು. ಆ ಪುಟ ಈ ಸಲ ಬೇಕೋ ಬೇಡವೋ ಎಂದು ಯಾರಾದರೂ ಕೇಳಬಹುದಾದ ಹೊತ್ತು ಅದು. ಯಾರೂ ಕೇಳಲಿಲ್ಲ. ಅವಳು ಹಳೆಯ ತಾರೀಖು ಅಳಿಸಿ ಹೊಸದು ಕುಟ್ಟಿದಳು. ಇನ್ನೂ ಒಂದು ವರ್ಷಕ್ಕೆ ಇಬ್ಬರೂ ಸಹಿ ಹಾಕಿದರು.